ಒಗ್ಗರಣೆ ಹೊಗೆಯ ಜಿಡ್ಡು ಹಿಡಿದ ಫ್ಯಾನ್ ರೆಕ್ಕೆ: ಧೂಳು ಮನೆಯೆಲ್ಲ ಹಾರದಂತೆ ತೆಗೆಯೋದು ಹೇಗೆ?

ಶೋಭಾ_ದಾವಣಗೆರೆ
ನಮ್ಮ ಮನೆಯಲ್ಲಿ ಅಡುಗೆಮನೆಗೂ ಊಟದ ಜಾಗಕ್ಕೂ ಮಧ್ಯೆ ಗೋಡೆ ಇಲ್ಲ, ಒಂದು ಕಟ್ಟೆ ಅಷ್ಟೇ. ಚಿಮಣಿ ಹಾಕಿಸಿಲ್ಲ. ಸಂಜೆ ಮಿರ್ಚಿ ಕರಿದರೆ ಆ ಹೊಗೆಯೆಲ್ಲ ಸೀದಾ ಊಟದ ಟೇಬಲ್ ಮೇಲಿನ ಫ್ಯಾನಿಗೆ ಹೋಗುತ್ತದೆ. ಈಗ ರೆಕ್ಕೆ ಮೇಲೆ ಕಪ್ಪಗೆ ಅಂಟಂಟಾಗಿ ಕೂತಿದೆ. ಅದರ ಮೇಲೆ ಒಣ ಧೂಳು, ಎಳೆ ಎಳೆಯಾಗಿ ನೇತಾಡುತ್ತಿದೆ.

ಹೋದ ಹಬ್ಬಕ್ಕೆ ಕ್ಲೀನ್ ಮಾಡಲು ಕರೆಸಿದವರು ಉದ್ದ ಕೋಲಿನ ಬ್ರಷ್‌ನಿಂದ ಬಡಿದು ಹೋದರು. ಕಪ್ಪು ಎಳೆಗಳು ಸೋಫಾ, ಪರದೆ, ದೇವರ ಗೂಡು ಎಲ್ಲಾ ಕಡೆ ಬಿದ್ದವು. ಕೈಯಲ್ಲಿ ಒರೆಸಿದರೆ ಬಟ್ಟೆ ಮೇಲೆ ಮಸಿ ಗೀರು. ಜಿಡ್ಡು ಮಾತ್ರ ರೆಕ್ಕೆಯಲ್ಲೇ ಉಳಿಯಿತು. ಧೂಳು ಹಾರಬಾರದು, ಜಿಡ್ಡೂ ಹೋಗಬೇಕು. ಯಾರಾದರೂ ನಿಜವಾಗಿ ಮಾಡಿ ನೋಡಿದವರು ಹೇಳಿ. ಯುಗಾದಿಗೆ ಮುಂಚೆ ಮುಗಿಸಬೇಕು.

ಕಿರಣ್_ಬಿ
ಹಳೇ ದಿಂಬಿನ ಕವರ್. ರೆಕ್ಕೆಗೆ ತೊಡಿಸಿ ಎಳೆಯಿರಿ. ಧೂಳೆಲ್ಲ ಕವರ್ ಒಳಗೇ ಬೀಳುತ್ತೆ. ಮುಗೀತು.

ಶೋಭಾ_ದಾವಣಗೆರೆ
ಕಿರಣ್ ಅವರೇ, ಬೆಡ್‌ರೂಮ್ ಫ್ಯಾನಿಗೆ ನಾನು ಅದನ್ನೇ ಮಾಡೋದು, ಚೆನ್ನಾಗಿ ಆಗುತ್ತದೆ. ಇದಕ್ಕೆ ಆಗುತ್ತಿಲ್ಲ. ಕವರ್ ಜಿಡ್ಡಿಗೆ ಅಂಟಿಕೊಂಡು ಜಾರುವುದೇ ಇಲ್ಲ. ಜೋರಾಗಿ ಎಳೆದರೆ ರೆಕ್ಕೆ ಬಗ್ಗುತ್ತದೇನೋ ಅಂತ ಭಯ.

ಮೈಸೂರ್_ಮಂಜುಳಾ
ವಿನೆಗರ್‌ಗೆ ಅಡುಗೆ ಸೋಡಾ ಹಾಕಿ, ನೊರೆ ಬರುತ್ತಲ್ಲಾ, ಅದನ್ನ ಸ್ಪ್ರೇ ಬಾಟಲಿಯಲ್ಲಿ ತುಂಬಿ ಹೊಡೆಯಿರಿ. ನಮ್ಮ ಮನೆ ಸಿಂಕ್, ಟೈಲ್ಸ್ ಎಲ್ಲಾ ಅದರಲ್ಲೇ ಪಳಪಳ. ಫ್ಯಾನಿಗೂ ಆಗಲೇಬೇಕು.

ವೈಂಡಿಂಗ್_ರಮೇಶ್
ಶಿವಮೊಗ್ಗದಲ್ಲಿ ನಮ್ಮದು ಫ್ಯಾನ್, ಮೋಟಾರ್ ರಿಪೇರಿ ಅಂಗಡಿ. ಹೋಟೆಲ್ ಅಡುಗೆಮನೆಯಿಂದ ಬರುವ ಫ್ಯಾನ್ ನೋಡಿದರೆ ನಿಮ್ಮದು ಏನೂ ಅಲ್ಲ ಮೇಡಂ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ರೆಕ್ಕೆ ಮೇಲೆ ಎರಡು ಥರ ಕೊಳೆ ಇದೆ. ಮೇಲೆ ಒಣ ಧೂಳು, ಅಡಿಯಲ್ಲಿ ಎಣ್ಣೆ. ಎರಡನ್ನೂ ಒಂದೇ ಸಲಕ್ಕೆ ತೆಗೆಯಲು ಹೋದರೆ ತೊಂದರೆ. ಒಣಗಿದ್ದನ್ನು ಬಡಿದರೆ ಹಾರುತ್ತದೆ. ಧೂಳಿನ ಮೇಲೆ ನೇರ ನೀರು ಹೊಡೆದರೆ ಕಪ್ಪು ರಾಡಿಯಾಗಿ ಗೋಡೆ ಮೇಲೆ, ಟೇಬಲ್ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಮೊದಲು ಧೂಳು, ಆಮೇಲೆ ಜಿಡ್ಡು. ಈ ಕ್ರಮ ತಪ್ಪಬಾರದು.

ಧೂಳಿಗೆ ಕಿರಣ್ ಹೇಳಿದ ಕವರ್ ಸರಿ. ಆದರೆ ಅದನ್ನು ಒಣದಾಗಿ ಹಾಕಬೇಡಿ. ಒಳಭಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಮುಟ್ಟಿದರೆ ತಣ್ಣಗಿರಬೇಕು, ಹಿಂಡಿದರೆ ಹನಿ ಬರಬಾರದು. ಈಗ ಕವರನ್ನು ಎಳೆಯುವುದಲ್ಲ. ಪೂರ್ತಿ ತೊಡಿಸಿ, ಮೇಲಿನಿಂದ ಕೆಳಗಿನಿಂದ ಎರಡು ಅಂಗೈಯಲ್ಲಿ ಮೆಲ್ಲಗೆ ಒತ್ತಿ ಬಿಡಿ. ಒಣ ಎಳೆಗಳು ಒದ್ದೆ ಬಟ್ಟೆಗೆ ಹತ್ತಿಕೊಳ್ಳುತ್ತವೆ. ಆಮೇಲೆ ಕವರಿನ ಬಾಯಿಯನ್ನು ರೆಕ್ಕೆ ಕೆಳಗೆ ತಗ್ಗಿಸಿ ಹಿಡಿದು ನಿಧಾನಕ್ಕೆ ಕಳಚಿ. ಹಾಗೇ ಒಳಮುಖ ಮಾಡಿ ಮಡಚಿ ಕೆಳಗೆ ಕೊಡಿ. ಒಂದು ರೆಕ್ಕೆಗೆ ಒಂದು ಕವರ್ ಇದ್ದರೆ ಒಳ್ಳೇದು.

ಈಗ ಉಳಿದದ್ದು ಬರೀ ಜಿಡ್ಡು. ಒಂದು ಲೀಟರ್ ಬಿಸಿನೀರು, ಕೈ ತಾಳುವಷ್ಟು ಬಿಸಿ. ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಚಿಕ್ಕ ಚಮಚ. ಜಾಸ್ತಿ ಹಾಕಬೇಡಿ. ಸೋಪು ರೆಕ್ಕೆಯಲ್ಲೇ ಉಳಿದರೆ ಅದಕ್ಕೂ ಧೂಳು ಹಿಡಿಯುತ್ತದೆ. ಹಳೇ ಪಂಚೆಯ ಒಂದು ಪಟ್ಟಿ ಅದ್ದಿ, ಗಟ್ಟಿಯಾಗಿ ಹಿಂಡಿ, ರೆಕ್ಕೆಗೆ ಸುತ್ತಿ ಹತ್ತು ನಿಮಿಷ ಬಿಟ್ಟುಬಿಡಿ. ಉಜ್ಜಬೇಡಿ. ಜಿಡ್ಡು ತಾನಾಗಿ ಮೆತ್ತಗಾಗಬೇಕು. ಆಮೇಲೆ ಒಂದು ಕೈ ರೆಕ್ಕೆ ಕೆಳಗೆ ಆಸರೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಮೋಟಾರ್ ಕಡೆಯಿಂದ ತುದಿಯ ಕಡೆಗೆ ಒರೆಸಿ. ಕೊನೆಗೆ ಬರೀ ನೀರಿನ ಬಟ್ಟೆ, ಅದರ ಹಿಂದೆ ಒಣ ಬಟ್ಟೆ.

ಗಾಳಿ ಸೀಳುವ ಅಂಚು ಇದೆಯಲ್ಲ, ಅಲ್ಲಿ ಜಿಡ್ಡು ಎಲ್ಲಕ್ಕಿಂತ ದಪ್ಪ ಇರುತ್ತದೆ. ಉಗುರಲ್ಲಿ ಕೆರೆದು ನೋಡಿ. ಕಪ್ಪಗೆ ಉಂಡೆಯಾಗಿ ಉರುಳಿ ಬಂದರೆ ಇನ್ನೂ ಮೆತ್ತಗಿದೆ, ಸೋಪಿಗೆ ಬರುತ್ತದೆ. ಉಗುರು ಜಾರಿ ಹೋದರೆ ಎಣ್ಣೆ ಒಣಗಿ ಗಟ್ಟಿಯಾಗಿದೆ ಎಂದು ಅರ್ಥ. ಆ ಅಂಚಿಗೆ ಬಟ್ಟೆ ಎರಡು ಮೂರು ಸಲ ಸುತ್ತಿಡಬೇಕಾಗುತ್ತದೆ.

ವಿನೆಗರ್ ವಿಷಯ. ಮಂಜುಳಾ ಅವರೇ, ಸಿಂಕಿನಲ್ಲಿ ಇರೋದು ನೀರಿನ ಬಿಳಿ ಕಲೆ, ಅದಕ್ಕೆ ಹುಳಿ ಕೆಲಸ ಮಾಡುತ್ತದೆ. ಎಣ್ಣೆಗೆ ಹುಳಿ ಏನೂ ಮಾಡಲ್ಲ. ಸೋಡಾ ಜೊತೆ ಬೆರೆಸಿದರೆ ಒಂದರ ಶಕ್ತಿಯನ್ನು ಇನ್ನೊಂದು ತೆಗೆದುಬಿಡುತ್ತದೆ, ಬರೀ ನೊರೆ ಕಾಣುತ್ತದೆ ಅಷ್ಟೇ.

ಮೈಸೂರ್_ಮಂಜುಳಾ
ಸರ್, ಒಪ್ಪಿದೆ. ಆದರೆ ಬರೀ ಸೋಡಾ ಜಿಡ್ಡಿಗೆ ಒಳ್ಳೇದೇ ಅಲ್ವಾ? ಬಾಣಲೆ ತಳದ ಎಣ್ಣೆ ಕಲೆಗೆ ನಾನು ಅದನ್ನೇ ಹಾಕೋದು.

ವೈಂಡಿಂಗ್_ರಮೇಶ್
ಹೌದು, ಅಡುಗೆ ಸೋಡಾ ಒಂದು ಚಮಚ ಸೋಪುನೀರಿಗೆ ಹಾಕಿದರೆ ಸಹಾಯ ಆಗುತ್ತದೆ. ಆದರೆ ಪುಡಿಯನ್ನು ನೇರ ರೆಕ್ಕೆ ಮೇಲೆ ಹಾಕಿ ತಿಕ್ಕಬೇಡಿ, ಬಣ್ಣದ ಹೊಳಪು ಹೋಗುತ್ತದೆ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಬೇಡವೇ ಬೇಡ. ನಮ್ಮ ಕಡೆ ಬಹಳಷ್ಟು ಫ್ಯಾನ್ ರೆಕ್ಕೆ ಅಲ್ಯೂಮಿನಿಯಂ. ಬಣ್ಣ ಎದ್ದ ಕಡೆ ವಾಷಿಂಗ್ ಸೋಡಾ ತಗುಲಿದರೆ ಲೋಹ ಕಪ್ಪಾಗುತ್ತದೆ. ಆ ಕಪ್ಪು ಮತ್ತೆ ಹೋಗಲ್ಲ.

ಗೌಡ್ರು_ಮಂಡ್ಯ
ಇಷ್ಟೆಲ್ಲ ಯಾಕೆ? ಬಟ್ಟೆಗೆ ಸೀಮೆಎಣ್ಣೆ ಹಾಕಿ ಒಂದು ಸಲ ಒರೆಸಿ. ಐದು ನಿಮಿಷದ ಕೆಲಸ. ನಮ್ಮ ತಂದೆ ಕಾಲದಿಂದ ಹೀಗೇ.

ವಸುಧಾ_ಶಿರಸಿ
ಗೌಡ್ರೇ, ಅವರದ್ದು ಗೋಡೆ ಇಲ್ಲದ ಅಡುಗೆಮನೆ. ಒಲೆ ಅಲ್ಲೇ ಇದೆ. ಸೀಮೆಎಣ್ಣೆ ಬಟ್ಟೆ ಹಿಡಿದು ಏಣಿ ಹತ್ತಿ ನಿಂತಾಗ ಯಾರೋ ಕಾಫಿಗೆ ಒಲೆ ಹಚ್ಚಿದರೆ?

ಗೌಡ್ರು_ಮಂಡ್ಯ
ಒಲೆ ಆರಿಸಿಯೇ ಮಾಡೋದು ಅಕ್ಕ. ಅಷ್ಟು ಗೊತ್ತಿಲ್ವಾ?

ವೈಂಡಿಂಗ್_ರಮೇಶ್
ಜಿಡ್ಡು ಕರಗುತ್ತದೆ ಅನ್ನೋದು ನಿಜ, ಗೌಡ್ರು ಹೇಳಿದ್ದು ಸುಳ್ಳಲ್ಲ. ನಾವೂ ಬೇರಿಂಗ್ ತೊಳೆಯಲು ಬಳಸುತ್ತೇವೆ. ಆದರೆ ಒರೆಸಿದ ಮೇಲೆ ತೆಳುವಾಗಿ ಎಣ್ಣೆ ಪಸೆ ಉಳಿಯುತ್ತದೆ. ಅದನ್ನು ಸೋಪಿನಲ್ಲಿ ತೊಳೆಯದಿದ್ದರೆ ಧೂಳು ಇನ್ನೂ ಬೇಗ ಹಿಡಿಯುತ್ತದೆ. ಕೆಲವು ಫ್ಯಾನಿನ ಬಣ್ಣ, ಅದರ ಮೇಲಿನ ಚಿನ್ನದ ಗೆರೆ ಎಲ್ಲಾ ಎದ್ದು ಬರುತ್ತದೆ. ಮನೆಗೆ ಬೇಡ.

ವಸುಧಾ_ಶಿರಸಿ
ನಾವು ಅಂಟುವಾಳದ ಕಾಯಿ ಬಳಸುತ್ತೇವೆ. ರಾತ್ರಿ ಒಂದು ಹಿಡಿ ಕಾಯಿಯ ಸಿಪ್ಪೆ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ನೊರೆ ನೀರು ಸಿಗುತ್ತದೆ. ದೇವರ ದೀಪದ ಎಣ್ಣೆ ಜಿಡ್ಡು, ಅಡುಗೆಮನೆ ಕಪಾಟಿನ ಬಾಗಿಲು, ಎಲ್ಲಕ್ಕೂ ಅದೇ. ಕೈ ಉರಿಯಲ್ಲ, ವಾಸನೆ ಇಲ್ಲ. ಬಿಸಿನೀರಲ್ಲಿ ಬೆರೆಸಿ ಅದೇ ರೀತಿ ಬಟ್ಟೆ ಸುತ್ತಿಟ್ಟರೆ ಫ್ಯಾನಿಗೂ ಆಗುತ್ತದೆ. ಆದರೆ ಸರಿಯಾಗಿ ಸೋಸಬೇಕು, ಸಿಪ್ಪೆ ಚೂರು ಉಳಿದರೆ ಗೀರು ಬೀಳುತ್ತದೆ. ಬಿಳಿ ಫ್ಯಾನಿಗೆ ಮಾತ್ರ ಹಾಕಬೇಡಿ. ಆ ನೀರು ಕಂದು ಬಣ್ಣ, ತೊಳೆಯುವುದು ತಡವಾದರೆ ಛಾಯೆ ನಿಲ್ಲುತ್ತದೆ.

ಅಶ್ವಿನ್_ಬಾಡಿಗೆಮನೆ
ನನ್ನ ಫ್ಯಾನ್ ತುಂಬಾ ಸ್ಲೋ ಆಗಿದೆ. 5ರಲ್ಲಿ ಇಟ್ಟರೂ 2ರ ಹಾಗೆ ತಿರುಗುತ್ತೆ. ಜಿಡ್ಡಿನಿಂದಲೇ ಅಲ್ವಾ? ಹೀಗೆ ತೊಳೆದರೆ ಸರಿ ಹೋಗುತ್ತಾ?

ಕಿರಣ್_ಬಿ
ಹೌದು ಬ್ರೋ, ಭಾರ ಜಾಸ್ತಿ ಆದರೆ ಸ್ಪೀಡ್ ಕಮ್ಮಿ.

ವೈಂಡಿಂಗ್_ರಮೇಶ್
ಅಂಚಿನಲ್ಲಿ ಕೊಳೆ ದಪ್ಪ ಆದರೆ ಗಾಳಿ ಕಡಿಮೆ ಆಗುತ್ತದೆ, ಸ್ಪೀಡೂ ಒಂಚೂರು ಕುಗ್ಗಬಹುದು. ಆದರೆ 5ರಿಂದ 2ಕ್ಕೆ ಇಳಿಯಲ್ಲ. ಅದು ಹೆಚ್ಚಾಗಿ ಕೆಪಾಸಿಟರ್. ಅದರ ಮೇಲೆ 2.5 ಅಂತಲೋ 3.15 ಅಂತಲೋ ಮೈಕ್ರೋಫ್ಯಾರಡ್ ಬರೆದಿರುತ್ತದೆ. ಹಳೇದರ ಮೇಲೆ ಏನಿದೆಯೋ ಅದೇ ತಂದು, ತಿಳಿದವರಿಂದ ಹಾಕಿಸಿ. ಫ್ಯಾನ್ ಆಫ್ ಮಾಡಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ನೋಡಿಸಿ. ಗರಗರ ಅಂದರೆ, ಬೇಗ ನಿಂತರೆ ಬೇರಿಂಗ್.

ಸುಮಂತ್_ಎಲೆಕ್ಟ್ರಾನಿಕ್ಸ್
ರಮೇಶ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ಇದ್ದವರು ಬರೀ ರಿಮೋಟ್‌ನಲ್ಲಿ ಆಫ್ ಮಾಡಿ ಹತ್ತಬೇಡಿ. ಫ್ಯಾನಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಕೆಳಗೆ ಮಗು ರಿಮೋಟ್ ಒತ್ತಿದರೆ ತಿರುಗಲು ಶುರು. ಗೋಡೆ ಸ್ವಿಚ್ ಆಫ್ ಮಾಡಿ, ಸಾಧ್ಯವಾದರೆ ಎಂಸಿಬಿಯನ್ನೂ ಇಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರೋದೂ ಉಂಟು, ಅಲ್ಲಿ ಸ್ವಿಚ್ ಆಫ್ ಆದರೂ ಒಳಗೆ ಫೇಸ್ ಇರುತ್ತದೆ. ಮತ್ತೆ ಸ್ಪ್ರೇ ಬಾಟಲಿ ಯಾವ ಫ್ಯಾನಿಗೂ ಬೇಡ. ಮೋಟಾರಿನ ಗಾಳಿ ಕಿಂಡಿಯಿಂದ ನೀರು ಒಳಗೆ ಹೋದರೆ ವೈಂಡಿಂಗ್ ಇರಲಿ, ಸರ್ಕ್ಯೂಟ್ ಬೋರ್ಡ್ ಇರಲಿ, ಎರಡೂ ಕೆಡುತ್ತವೆ. ಸೋಪನ್ನು ಬಟ್ಟೆಗೆ ಹಾಕಿ, ಫ್ಯಾನಿಗೆ ಅಲ್ಲ.

ಕರಾವಳಿ_ಪ್ರಭಾ
ನಾನಾದರೆ ರೆಕ್ಕೆ ಬಿಚ್ಚಿ ಬಚ್ಚಲಲ್ಲಿ ತೊಳೆಯುತ್ತೇನೆ ಮಾರಾಯ್ರೆ. ಮೇಲೆ ನಿಂತು ಹತ್ತು ನಿಮಿಷ ಕಾಯೋದು, ತೊಟ್ಟಿಕ್ಕೋದು, ಯಾವ ಕಿರಿಕಿರಿಯೂ ಇಲ್ಲ. ಬಕೆಟಿಗೆ ಬಿಸಿನೀರು ಸೋಪು ಹಾಕಿ ಒಂದೊಂದೇ ರೆಕ್ಕೆ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಜಿಡ್ಡು ಬಿಡುತ್ತದೆ. ಬಿಚ್ಚುವಾಗ ಮೇಲಿನ ಧೂಳು ಬೀಳದಂತೆ ಮೊದಲೇ ಕವರ್ ತೊಡಿಸಿ, ಕವರ್ ಸಮೇತ ಇಳಿಸುವುದು.

ವೈಂಡಿಂಗ್_ರಮೇಶ್
ಮಾಡಬಹುದು. ಆದರೆ ಎಲ್ಲರಿಗೂ ಹೇಳಲ್ಲ. ರೆಕ್ಕೆಗಳನ್ನು ಫ್ಯಾಕ್ಟರಿಯಲ್ಲಿ ತೂಕ ನೋಡಿ ಸೆಟ್ ಮಾಡಿರುತ್ತಾರೆ. ಒಂದು ಫ್ಯಾನಿನ ರೆಕ್ಕೆ ಇನ್ನೊಂದಕ್ಕೆ ಹೋದರೆ ಅಲುಗಾಟ ಶುರು. ಬಿಚ್ಚುವ ಮೊದಲು ರೆಕ್ಕೆಗೂ ಮೋಟಾರಿಗೂ 1, 2, 3 ಅಂತ ಮಾರ್ಕರ್‌ನಲ್ಲಿ ಬರೆದುಕೊಳ್ಳಿ. ಅಂಗಡಿಗೆ ಬರುವ ಅಲುಗಾಡುವ ಫ್ಯಾನ್‌ಗಳಲ್ಲಿ ಬಹಳಷ್ಟು ಹಬ್ಬದ ಕ್ಲೀನಿಂಗ್ ಆದ ಮೇಲೆ ಬಂದವು. ಸ್ಕ್ರೂ ಅರ್ಧಂಬರ್ಧ ಬಿಗಿದಿರುತ್ತಾರೆ, ಇಲ್ಲ ವಾಷರ್ ಕಳೆದಿರುತ್ತಾರೆ.

ಕರಾವಳಿ_ಪ್ರಭಾ
ನಂಬರ್ ಬರೆಯೋದು ಒಳ್ಳೇ ಮಾತು. ಆದರೆ ಮೇಲೆ ನಿಂತು ಉಜ್ಜುವಾಗಲೂ ರೆಕ್ಕೆ ಬಗ್ಗುತ್ತದಲ್ಲ ಸರ್? ಎಷ್ಟೋ ಜನ ಬ್ಯಾಲೆನ್ಸ್ ತಪ್ಪಿದಾಗ ರೆಕ್ಕೆಯನ್ನೇ ಹಿಡಿದುಕೊಳ್ಳುತ್ತಾರೆ. ಅದಕ್ಕಿಂತ ಬಿಚ್ಚೋದೇ ವಾಸಿ. ನಮ್ಮಲ್ಲಿ ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿದರೆ ಅದನ್ನೂ ನೋಡಿದ ಹಾಗಾಗುತ್ತದೆ.

ವೈಂಡಿಂಗ್_ರಮೇಶ್
ತುಕ್ಕು ಹಿಡಿದ ಸ್ಕ್ರೂ ತಲೆ ಸವೆದರೆ ಮೇಲೆ ನಿಂತು ಬಿಚ್ಚೋದು ಇನ್ನೂ ಕಷ್ಟ ಮೇಡಂ. ಅಭ್ಯಾಸ ಇದ್ದವರು ಬಿಚ್ಚಲಿ. ಇಲ್ಲದವರು ಬೇಡ ಅನ್ನೋದೇ ನನ್ನ ಮಾತು.

ನಾಗರಾಜ್_ಕೆ
ಚಿಮಣಿ ಹಾಕಿಸಿ. ಮೂಲಕ್ಕೇ ಮದ್ದು.

ವಸುಧಾ_ಶಿರಸಿ
ಚಿಮಣಿ ಇರುವ ನನ್ನ ತಂಗಿ ಮನೆ ಫ್ಯಾನೂ ಹೀಗೇ ಇದೆ. ಫಿಲ್ಟರ್ ತೊಳೆಯದೆ ಬಿಟ್ಟರೆ ಅದು ಹೊಗೆ ಎಳೆಯುವುದೇ ಇಲ್ಲ. ಇನ್ನೊಂದು, ಕರಿಯುವಾಗ ಊಟದ ಜಾಗದ ಫ್ಯಾನ್ ಹಾಕಿದ್ದರೆ ಹೊಗೆ ಚಿಮಣಿಗೆ ಹೋಗದೆ ಹಾಲಿಗೆ ಬರುತ್ತದೆ. ಕರಿಯುವಷ್ಟು ಹೊತ್ತು ಫ್ಯಾನ್ ಆರಿಸಿ, ಕಿಟಕಿ ತೆಗೆಯಿರಿ, ಎಕ್ಸಾಸ್ಟ್ ಹಾಕಿ.

ನಾಗರಾಜ್_ಕೆ
ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಮಿರ್ಚಿ ಕರಿಯಿರಿ ಅಂತೀರಾ! ಸಾಧ್ಯಾನಾ?

ಗೌಡ್ರು_ಮಂಡ್ಯ
ಗಾಣದ ಎಣ್ಣೆಯಲ್ಲಿ ಕರಿದರೆ ಇಷ್ಟು ಜಿಡ್ಡು ಹಿಡಿಯಲ್ಲ. ಈ ಪ್ಯಾಕೆಟ್ ಎಣ್ಣೆಯದೇ ಕರಾಮತ್ತು.

ಸುಮಂತ್_ಎಲೆಕ್ಟ್ರಾನಿಕ್ಸ್
ಯಾವ ಎಣ್ಣೆಯಾದರೂ ಹೊಗೆ ಬರುವಷ್ಟು ಕಾಯಿಸಿದರೆ ಜಿಡ್ಡು ಬರುತ್ತೆ ಗೌಡ್ರೇ. ಗಾಣದ್ದು ಇನ್ನೂ ಬೇಗ ಹೊಗೆಯಾಡುತ್ತೆ.

ಗೌಡ್ರು_ಮಂಡ್ಯ
ನಾನು ಒಪ್ಪಲ್ಲ. ನಮ್ಮ ಮನೆಗೆ ಬಂದು ನೋಡಿ.

ಶೋಭಾ_ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನಾನು, ನಮ್ಮ ಯಜಮಾನರು ಸೇರಿ ಮಾಡಿದೆವು. ಆದದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಟೇಬಲ್ ಸರಿಸಿ ಆ ಜಾಗದಲ್ಲಿ ನಾಲ್ಕು ಕಾಲಿನ ಏಣಿ ಇಟ್ಟೆವು. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಏಣಿ ಕಾಲು ಜಾರದಂತೆ ಅಷ್ಟು ಜಾಗ ಮಾತ್ರ ಬಿಟ್ಟೆವು. ಸೋಫಾ ಮೇಲೆ ಇನ್ನೊಂದು ಶೀಟ್. ಎಂಸಿಬಿ ಇಳಿಸಿದೆವು. ಕಿಟಕಿ ಮುಚ್ಚಿದೆವು. ಯಾರೂ ಇದನ್ನು ಹೇಳಿರಲಿಲ್ಲ, ಆದರೆ ಗಾಳಿ ಬೀಸಿದರೆ ನೇತಾಡುವ ಎಳೆಗಳು ತಾವೇ ಉದುರುತ್ತವೆ.

ಮೊದಲ ರೆಕ್ಕೆಗೆ ಕವರ್ ತೊಡಿಸಿ ರಮೇಶ್ ಸರ್ ಹೇಳಿದಂತೆ ಎಳೆಯದೆ ಒತ್ತಿದೆ. ತೆಗೆದು ಬಿಡಿಸಿ ನೋಡಿದರೆ ಬಟ್ಟೆಯಲ್ಲಿ ರೆಕ್ಕೆಯ ಆಕಾರಕ್ಕೇ ಕಪ್ಪು ಅಚ್ಚು ಮೂಡಿತ್ತು. ನೆಲದ ಶೀಟ್ ಮೇಲೆ ನಾಲ್ಕೈದು ಎಳೆ ಬಿದ್ದಿರಬಹುದು ಅಷ್ಟೇ. ಮೂರೂ ರೆಕ್ಕೆಯ ಧೂಳು ಮೊದಲು ಮುಗಿಸಿ, ಆಮೇಲೆ ಸೋಪಿಗೆ ಕೈ ಹಾಕಿದೆವು. ಒಂದು ರೆಕ್ಕೆಗೆ ಸೋಪು ಬಟ್ಟೆ ಸುತ್ತಿ, ಅದು ನೆನೆಯುವ ಹೊತ್ತಿಗೆ ಮುಂದಿನದಕ್ಕೆ ಸುತ್ತಿದರೆ ಕಾಯುವ ಕೆಲಸ ಇಲ್ಲ. ಆದರೆ ಸೆಕೆಗೆ ಬಟ್ಟೆ ಬೇಗ ಒಣಗಿತು, ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿದ ಮೇಲೆ ಸರಿಯಾಯಿತು.

ಮೇಲ್ಭಾಗ ಒಂದೇ ಒರೆಸಿಗೆ ಬಂತು. ಅಂಚು ಬರಲಿಲ್ಲ. ಅಲ್ಲಿ ಮತ್ತೆ ಸುತ್ತಿಟ್ಟು, ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಮೆಲ್ಲಗೆ ತಳ್ಳಿದರೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಬಣ್ಣಕ್ಕೆ ಏನೂ ಆಗಲಿಲ್ಲ. ಬಕೆಟ್ ನೀರು ಎರಡು ಸಲ ಬದಲಾಯಿಸಬೇಕಾಯಿತು, ಕಪ್ಪಾದ ನೀರಲ್ಲೇ ಮುಂದುವರಿದರೆ ಗೀರು ಬೀಳುತ್ತದೆ. ಮೋಟಾರ್ ಮೇಲಿನ ಧೂಳನ್ನು ವ್ಯಾಕ್ಯೂಮ್‌ನಲ್ಲಿ ಎಳೆದೆವು, ನೀರು ಮುಟ್ಟಿಸಲಿಲ್ಲ.

ಕೊನೆಗೆ ಶೀಟ್‌ಗಳನ್ನು ತಕ್ಷಣ ತೆಗೆಯಲಿಲ್ಲ. ರೆಕ್ಕೆ ಪೂರ್ತಿ ಒಣಗಿದ ಮೇಲೆ ಫ್ಯಾನ್ ಮೊದಲು 1ರಲ್ಲಿ, ಆಮೇಲೆ 5ರಲ್ಲಿ ಸ್ವಲ್ಪ ಹೊತ್ತು ಓಡಿಸಿದೆವು. ಮೋಟಾರ್ ಸಂದಿಯಿಂದ ಒಂದಷ್ಟು ಧೂಳು ಆಗ ಬಿತ್ತು. ಶೀಟ್ ಇದ್ದದ್ದು ಒಳ್ಳೆಯದಾಯಿತು.

ಎರಡು ಪ್ರಶ್ನೆ ಉಳಿದಿವೆ. ಜಿಡ್ಡು ಹೋದರೂ ರೆಕ್ಕೆ ತುದಿಯಲ್ಲಿ ಹಳದಿ ಛಾಯೆ ಇದೆ, ಫ್ಯಾನ್ ಕೆನೆ ಬಣ್ಣದ್ದು. ಇನ್ನೊಂದು, 5ರಲ್ಲಿ ಇಟ್ಟಾಗ ಸಣ್ಣಗೆ ಅಲುಗುತ್ತಿದೆ. ಮೊದಲು ಇರಲಿಲ್ಲ.

ವೈಂಡಿಂಗ್_ರಮೇಶ್
ಚೆನ್ನಾಗಿ ಮಾಡಿದ್ದೀರಿ ಮೇಡಂ. ಪ್ಲಾಸ್ಟಿಕ್ ಸುತ್ತಿದ್ದು ನಾನೂ ಇನ್ನು ಗಿರಾಕಿಗಳಿಗೆ ಹೇಳುತ್ತೇನೆ.

ಅಲುಗಾಟಕ್ಕೆ ಮೊದಲು ಮತ್ತೆ ಎಂಸಿಬಿ ಇಳಿಸಿ, ಮೂರೂ ರೆಕ್ಕೆಯ ಸ್ಕ್ರೂ ಬಿಗಿ ನೋಡಿ. ಆಮೇಲೆ ಟೇಪ್ ಹಿಡಿದು ಸೀಲಿಂಗಿನಿಂದ ಒಂದು ರೆಕ್ಕೆಯ ತುದಿಗೆ ಎಷ್ಟು ಅಂತ ಅಳೆಯಿರಿ. ಟೇಪ್ ಅದೇ ಜಾಗದಲ್ಲಿ ಇರಲಿ, ಫ್ಯಾನ್ ತಿರುಗಿಸಿ ಉಳಿದ ಎರಡನ್ನೂ ಅಲ್ಲೇ ಅಳೆಯಿರಿ. ಒಂದು ಮಾತ್ರ ಕೆಳಗಿದ್ದರೆ ಒರೆಸುವಾಗ ಅದು ಬಗ್ಗಿದೆ. ಅಳತೆ ಮೂರೂ ಸಮ ಇದ್ದರೆ ಯಾವುದೋ ರೆಕ್ಕೆಯಲ್ಲಿ ಕೊಳೆ ಉಳಿದಿರಬಹುದು. ಕೈಯಾಡಿಸಿ ನೋಡಿ.

ಹಳದಿ ಛಾಯೆ ಬಹುಶಃ ಬಣ್ಣದೊಳಗೇ ಇಳಿದಿದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ತಿಕ್ಕಿದರೆ ಬಣ್ಣ ಹೋಗುತ್ತದೆ.

ಮೈಸೂರ್_ಮಂಜುಳಾ
ಹಳದಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ನೋಡಿ ಶೋಭಾ. ನಮ್ಮ ಸ್ವಿಚ್ ಬೋರ್ಡಿಗೆ ಆಗಿದೆ.

ಸುಮಂತ್_ಎಲೆಕ್ಟ್ರಾನಿಕ್ಸ್
ಪೇಸ್ಟ್‌ನಲ್ಲಿ ನುಣ್ಣನೆ ಪುಡಿ ಇರುತ್ತೆ, ಅದು ಬಣ್ಣದ ಮೇಲ್ಪದರವನ್ನೇ ಕೆರೆಯೋದು. ಹೊಳಪು ಹೋದ ಜಾಗಕ್ಕೆ ಜಿಡ್ಡು ಇನ್ನೂ ಬೇಗ ಹಿಡಿಯುತ್ತೆ. ನೋಡಲೇಬೇಕು ಅಂದರೆ ರೆಕ್ಕೆಯ ಮೇಲ್ಭಾಗದಲ್ಲಿ, ಮೋಟಾರ್ ಹತ್ತಿರ, ಕೆಳಗಿನಿಂದ ಕಾಣದ ಕಡೆ ಒಂದು ಚುಕ್ಕಿ ಹಚ್ಚಿ ನೋಡಿ.

ಶೋಭಾ_ದಾವಣಗೆರೆ
ಸ್ಕ್ರೂ ನೋಡಿದೆವು. ಎರಡನೇ ರೆಕ್ಕೆಯ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಇತ್ತು. ಬಿಗಿದ ಮೇಲೆ ಅಲುಗಾಟ ನಿಂತಿತು. ಅಳತೆ ಮೂರಕ್ಕೂ ಒಂದೇ ಬಂತು. ಹಳದಿ ಹಾಗೇ ಇರಲಿ, ಪೇಸ್ಟ್ ಹಚ್ಚಲು ಧೈರ್ಯ ಬರುತ್ತಿಲ್ಲ.

ಅಶ್ವಿನ್_ಬಾಡಿಗೆಮನೆ
ರಮೇಶ್ ಸರ್, ಕೈಯಲ್ಲಿ ತಿರುಗಿಸಿದೆ, ಸಲೀಸಾಗಿ ತಿರುಗುತ್ತೆ. ಕೆಪಾಸಿಟರ್ ಹಾಕಿಸೋದು ಓನರ್ ಖರ್ಚಾ, ನಮ್ಮ ಖರ್ಚಾ?

ಗೌಡ್ರು_ಮಂಡ್ಯ
ಓನರ್ ಅವರನ್ನ ಒಂದು ಸಲ ಕೇಳು. ಕೊಡಲ್ಲ ಅಂದರೆ ನೀನೇ ಹಾಕಿಸು, ಸಣ್ಣ ಖರ್ಚು. ಸೆಕೆಯಲ್ಲಿ ಯಾಕೆ ಒದ್ದಾಡ್ತೀಯಾ.